ಪಾಲ್ಗೊಂಡವರು, ವಿನ್ಯಾಸ, ನೈತಿಕತೆ: ಒಂದು ಸ್ಟ್ರೂಪ್ ರೆಕಾರ್ಡನ್ನು ಕೂತು ಬರೆಯೋಣ

ದಾವಣಗೆರೆಯಲ್ಲಿ ಮನಃಶಾಸ್ತ್ರ ಪಾಠ ಮಾಡುವ ನನ್ನ ಮೇಜಿನ ಮೇಲೆ ಪ್ರತಿ ಸೆಮಿಸ್ಟರ್ ಕೊನೆಗೆ ಪ್ರಾಕ್ಟಿಕಲ್ ರೆಕಾರ್ಡುಗಳು ಬಂದು ಬೀಳುತ್ತವೆ. ಗ್ರಾಫು ಅಚ್ಚುಕಟ್ಟಾಗಿರುತ್ತದೆ. ಕೋಷ್ಟಕಕ್ಕೆ ಸ್ಕೇಲ್ ಇಟ್ಟು ಗೆರೆ ಎಳೆದಿರುತ್ತಾರೆ. ಆದರೆ ಮೂರು ಭಾಗ ಮಾತ್ರ ಎಲ್ಲರ ರೆಕಾರ್ಡಿನಲ್ಲೂ ಬಡವಾಗಿರುತ್ತವೆ. ಯಾರ ಮೇಲೆ ಪ್ರಯೋಗ ಮಾಡಿದಿರಿ, ಪ್ರಯೋಗವನ್ನು ಹೇಗೆ ಕಟ್ಟಿದಿರಿ, ಬಂದವರನ್ನು ಹೇಗೆ ನಡೆಸಿಕೊಂಡಿರಿ ಅನ್ನುವ ಭಾಗಗಳು. ಮೂರೂ ಸೇರಿ ಐದು ಸಾಲು ಇದ್ದರೆ ಜಾಸ್ತಿ. ಕೊನೆಯ ಸಾಲು ಯಾವಾಗಲೂ ಒಂದೇ: "ಎಲ್ಲ ನೈತಿಕ ನಿಯಮಗಳನ್ನು ಪಾಲಿಸಲಾಗಿದೆ."

ನಾನು ಓದುವಾಗಲೂ ಹಾಗೇ ಬರೆದಿದ್ದೆ. "ರ್ಯಾಂಡಮ್ ಆಗಿ 20 ಜನರನ್ನು ಆರಿಸಲಾಯಿತು" ಎಂದು ಬರೆದುಕೊಂಡು ವೈವಾಗೆ ಹೋದೆ. ಹೊರಗಿನಿಂದ ಬಂದ ಪರೀಕ್ಷಕರು ಒಂದೇ ಪ್ರಶ್ನೆ ಕೇಳಿದರು: "ಎಷ್ಟು ಜನರ ಪಟ್ಟಿಯಿಂದ ಆರಿಸಿದಿರಮ್ಮಾ?" ನನ್ನ ಹತ್ತಿರ ಪಟ್ಟಿಯೇ ಇರಲಿಲ್ಲ. ಹಾಸ್ಟೆಲ್ಲಿನಲ್ಲಿ ಸಿಕ್ಕವರನ್ನು ಕೂರಿಸಿದ್ದೆ. ಆ ಪ್ರಶ್ನೆಯನ್ನು ಈಗ ನಾನು ನನ್ನ ವಿದ್ಯಾರ್ಥಿಗಳಿಗೆ ವೈವಾಗೆ ಮೊದಲೇ ಕೇಳುತ್ತೇನೆ.

ಇಲ್ಲಿ ಒಂದು ಪ್ರಯೋಗವನ್ನು ತೆಗೆದುಕೊಂಡು ಆ ಮೂರು ಭಾಗಗಳನ್ನು ಸಾಲು ಸಾಲಾಗಿ ಬರೆಯೋಣ. ಅಂಕಿಗಳು ಉದಾಹರಣೆಗೆಂದು ನಾನು ಕಟ್ಟಿಕೊಂಡವು. ನಿಮ್ಮ ರೆಕಾರ್ಡಿನಲ್ಲಿ ನಿಮ್ಮ ಅಂಕಿಗಳೇ ಇರಬೇಕು.

ಪ್ರಯೋಗ ಇದು

ಸ್ಟ್ರೂಪ್ ಪ್ರಯೋಗ ನಿಮಗೆ ಗೊತ್ತಿರುತ್ತದೆ. "ಕೆಂಪು" ಎನ್ನುವ ಪದವನ್ನು ನೀಲಿ ಶಾಯಿಯಲ್ಲಿ ಅಚ್ಚು ಹಾಕಿ, ಶಾಯಿಯ ಬಣ್ಣ ಹೇಳಿ ಎಂದರೆ ನಾಲಿಗೆ ತಡವರಿಸುತ್ತದೆ. ಓದುವುದು ನಮಗೆ ಅಷ್ಟು ರೂಢಿಯಾಗಿರುತ್ತದೆ. ಬೇಡವೆಂದರೂ ಕಣ್ಣು ಪದವನ್ನು ಓದಿಬಿಡುತ್ತದೆ. ಜೆ. ರಿಡ್ಲಿ ಸ್ಟ್ರೂಪ್ 1935ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಈ ಹೆಸರು ಬಂತು.

ನಾವು ಇದನ್ನು ಕನ್ನಡದಲ್ಲಿ ಮಾಡೋಣ. ಎರಡು ಕಾರ್ಡ್ ಬೇಕು. ಒಂದರಲ್ಲಿ ಪದವೂ ಶಾಯಿಯೂ ತಾಳೆಯಾಗುತ್ತವೆ: "ಹಸಿರು" ಹಸಿರು ಶಾಯಿಯಲ್ಲೇ ಇರುತ್ತದೆ. ಇದನ್ನು ತಾಳೆ ಕಾರ್ಡ್ ಎನ್ನೋಣ. ಇನ್ನೊಂದರಲ್ಲಿ ಎಲ್ಲೂ ತಾಳೆಯಾಗುವುದಿಲ್ಲ. ಇದು ತೊಡಕು ಕಾರ್ಡ್. ಪಠ್ಯಪುಸ್ತಕದಲ್ಲಿ ಇವಕ್ಕೆ ಕಾಂಗ್ರುಯೆಂಟ್, ಇನ್‌ಕಾಂಗ್ರುಯೆಂಟ್ ಎಂದಿರುತ್ತದೆ. ಎರಡೂ ಕಾರ್ಡಿನಲ್ಲಿ ಮಾಡಬೇಕಾದ ಕೆಲಸ ಒಂದೇ, ಶಾಯಿಯ ಬಣ್ಣವನ್ನು ಜೋರಾಗಿ ಹೇಳುವುದು.

ಬಣ್ಣಗಳು ನಾಲ್ಕು: ಕೆಂಪು, ಹಸಿರು, ನೀಲಿ, ಕಪ್ಪು. ಹಳದಿ ಹಾಕಬೇಡಿ. ಬಿಳಿ ಹಾಳೆಯ ಮೇಲೆ ಹಳದಿ ಅಕ್ಷರ ಸರಿಯಾಗಿ ಕಾಣುವುದಿಲ್ಲ. ಆಗ ನಿಧಾನವಾಗಿದ್ದು ತೊಡಕಿನಿಂದಲೋ, ಕಣ್ಣಿಗೆ ಕಾಣದ್ದರಿಂದಲೋ ತಿಳಿಯುವುದಿಲ್ಲ. ಸ್ಟ್ರೂಪ್ ಅವರ ಐದು ಬಣ್ಣಗಳಲ್ಲೂ ಹಳದಿ ಇರಲಿಲ್ಲ. ಅವರು ಕೆಂಪು, ನೀಲಿ, ಹಸಿರು, ಕಂದು, ನೇರಳೆ ಬಳಸಿದ್ದರು.

ಪಾಲ್ಗೊಂಡವರು

ನಮ್ಮ ಕಡೆ ಹಳೆಯ ರೆಕಾರ್ಡುಗಳು ಹೀಗೆ ಶುರುವಾಗುತ್ತಿದ್ದವು: "ವಿಷಯಿಯ ಹೆಸರು, ವಯಸ್ಸು, ಲಿಂಗ, ವಿದ್ಯಾಭ್ಯಾಸ." ಒಬ್ಬರ ಮೇಲೆ ಮಾಡುವ ಪ್ರಯೋಗಕ್ಕೆ ಆ ಪದ್ಧತಿ ಬಂತು. ಹೆಸರು ಬರೆಯುವುದನ್ನು ಮೊದಲು ಬಿಡಿ. ಆ ರೆಕಾರ್ಡು ಲ್ಯಾಬಿನಲ್ಲಿ ಕೈಯಿಂದ ಕೈಗೆ ಓಡಾಡುತ್ತದೆ, ಅಲ್ವಾ? "ವಿಷಯಿ" ಎನ್ನುವ ಪದದ ಬದಲು "ಪಾಲ್ಗೊಂಡವರು" ಎಂದು ಬರೆಯುವುದು ಒಳ್ಳೆಯದು. ಅವರು ತಾವಾಗಿ ಬಂದು ಸಮಯ ಕೊಟ್ಟವರು.

ಈ ಭಾಗದ ಕೆಲಸ ಒಂದೇ. ಓದುವವರಿಗೆ ಎರಡು ವಿಷಯ ತಿಳಿಯಬೇಕು: ಈ ಫಲಿತಾಂಶ ಯಾರಿಗೆ ಹೊಂದುತ್ತದೆ, ಬೇರೆಯವರು ಇದೇ ಥರದ ಜನರನ್ನು ಸೇರಿಸಿ ಮತ್ತೆ ಮಾಡಬಹುದೇ. ಅಷ್ಟಕ್ಕೆ ಬೇಕಾದ್ದನ್ನು ಬರೆಯಿರಿ. ಬೇಡದ್ದನ್ನು ಕೇಳಲೂ ಬೇಡಿ. ಜಾತಿ, ಧರ್ಮ, ಅಪ್ಪನ ಆದಾಯ ಇವೆಲ್ಲ ಸ್ಟ್ರೂಪ್ ಪ್ರಯೋಗಕ್ಕೆ ಬೇಡ. ಎಲ್ಲಿಂದಲೋ ಇಳಿಸಿಕೊಂಡ ಫಾರಂನಲ್ಲಿ ಆ ಕಾಲಂ ಇದೆ ಎಂದು ತುಂಬಿಸಬೇಡಿ.

ಬೇಕಾಗಿರುವುದು ಯಾವುದು? ಕನ್ನಡ ಓದಲು ಬರುವುದು. ಇಲ್ಲಿ ತುಂಬ ಜನ ಎಡವುತ್ತಾರೆ. "ಕನ್ನಡ ಮಾತೃಭಾಷೆಯವರನ್ನು ಮಾತ್ರ ಸೇರಿಸಲಾಯಿತು" ಎಂದು ಬರೆಯುತ್ತಾರೆ. ನಮ್ಮ ಊರಿನ ತರಗತಿಯನ್ನೇ ನೋಡಿ. ಮನೆಯಲ್ಲಿ ಉರ್ದು ಮಾತಾಡುವವರು, ಲಂಬಾಣಿ ಮಾತಾಡುವವರು, ತೆಲುಗು ಮಾತಾಡುವವರು ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ. ಅವರಲ್ಲಿ ಎಷ್ಟೋ ಜನ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿರುತ್ತಾರೆ. ಇನ್ನೊಂದು ಕಡೆ, ಮನೆಯಲ್ಲಿ ಅಪ್ಪಟ ಕನ್ನಡ ಮಾತಾಡಿದರೂ ಕನ್ನಡ ಪೇಪರ್ ಓದಲು ತಡಕಾಡುವ ಇಂಗ್ಲಿಷ್ ಮಾಧ್ಯಮದ ಮಕ್ಕಳೂ ಇರುತ್ತಾರೆ. ಈ ಪ್ರಯೋಗದ ತೊಡಕು ಹುಟ್ಟುವುದು ಓದುವ ರೂಢಿಯಿಂದ. ಹಾಗಾಗಿ ನೋಡಬೇಕಾದ್ದು ಓದನ್ನು. ಕನ್ನಡ ದಿನಪತ್ರಿಕೆಯ ನಾಲ್ಕೈದು ಸಾಲನ್ನು ಜೋರಾಗಿ ಓದಿಸಿ. ಅಕ್ಷರ ಕೂಡಿಸಿ ಓದುವವರಿಗೆ ತೊಡಕು ಕಡಿಮೆ ಬರಬಹುದು. ಅವರನ್ನು ಸೇರಿಸಿಕೊಂಡರೆ ನಿಮ್ಮ ಸರಾಸರಿ ಅಂಕಿ ಯಾರ ಬಗ್ಗೆ ಹೇಳುತ್ತಿದೆ ಅನ್ನುವುದೇ ಮಸುಕಾಗುತ್ತದೆ.

ಎರಡನೆಯದು ಬಣ್ಣ ಗುರುತಿಸುವುದು. ಕೆಂಪು ಮತ್ತು ಹಸಿರು ಬೇರೆ ಮಾಡಿ ನೋಡಲು ಕಷ್ಟವಿರುವವರು ಇರುತ್ತಾರೆ. ಗಂಡಸರಲ್ಲಿ ಇದು ಹೆಂಗಸರಿಗಿಂತ ಜಾಸ್ತಿ. ಕಾರ್ಡ್ ಕೊಡುವ ಮುಂಚೆ ಪದಗಳಿಲ್ಲದ ಎಂಟು ಬಣ್ಣದ ಚೌಕಗಳ ಒಂದು ಪಟ್ಟಿ ತೋರಿಸಿ, ಬಣ್ಣ ಹೇಳಿಸಿ. ಇದು ಅಭ್ಯಾಸವೂ ಆಗುತ್ತದೆ, ಪರಿಶೀಲನೆಯೂ ಆಗುತ್ತದೆ.

ಮೂರನೆಯದು ವಯಸ್ಸು. ಪದವಿಯ ಮೊದಲ ವರ್ಷದಲ್ಲಿ 17 ತುಂಬಿ 18 ಆಗದವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ತರಗತಿ ನೋಡಿ ವಯಸ್ಸು ಊಹಿಸಬೇಡಿ, ಕೇಳಿ. ಯಾಕೆ ಅನ್ನುವುದು ನೈತಿಕತೆಯ ಭಾಗದಲ್ಲಿ ಬರುತ್ತದೆ.

ಈಗ ಲೆಕ್ಕ ಹಾಕೋಣ. ನೀವು 28 ಜನರನ್ನು ಕೇಳಿದಿರಿ. ಒಬ್ಬರು ಬೇಡ ಎಂದರು. ಒಬ್ಬರಿಗೆ ವಯಸ್ಸು 17. ಒಬ್ಬರು ಅಭ್ಯಾಸದ ಪಟ್ಟಿಯಲ್ಲಿ ಕೆಂಪನ್ನೂ ಹಸಿರನ್ನೂ ಅದಲು ಬದಲು ಹೇಳಿದರು. ಒಬ್ಬರು ಅರ್ಧಕ್ಕೆ ನಿಲ್ಲಿಸಿ ಎದ್ದು ಹೋದರು. ಉಳಿದವರು 24. ರೆಕಾರ್ಡಿನಲ್ಲಿ ಬರೀ 24 ಎಂದು ಬರೆಯುವುದು ರೂಢಿ. ನಾಲ್ವರು ಎಲ್ಲಿ ಹೋದರು, ಯಾಕೆ ಹೋದರು ಎಂದು ಬರೆಯಿರಿ. ಬರೆಯದಿದ್ದರೆ, ತನ್ನ ಊಹೆಗೆ ಹೊಂದದವರನ್ನು ಕೈಬಿಟ್ಟಿರಬಹುದೇ ಎಂಬ ಸಂಶಯ ಓದುವವರಿಗೆ ಬಂದರೆ ಅದಕ್ಕೆ ಉತ್ತರವಿರುವುದಿಲ್ಲ.

24 ಜನರಲ್ಲಿ 18 ವರ್ಷದವರು 7, 19ರವರು 9, 20ರವರು 6, 21ರವರು 2 ಎಂದಿಟ್ಟುಕೊಳ್ಳಿ. ಎಲ್ಲ ಕೂಡಿದರೆ 459. ಅದನ್ನು 24ರಿಂದ ಭಾಗಿಸಿದರೆ 19.125, ಅಂದರೆ ಸರಾಸರಿ 19.13 ವರ್ಷ. ವಯಸ್ಸುಗಳನ್ನು ಶೀಟಿನಲ್ಲಿ C2ರಿಂದ C25ರವರೆಗೆ ತುಂಬಿದ್ದರೆ ಹೀಗೆ ಕೇಳಿ:

```
=AVERAGE(C2:C25)
=STDEV.S(C2:C25)
```

ಎರಡನೆಯದು ಮಾನಕ ವಿಚಲನೆ, ಇಲ್ಲಿ 0.95. ಕೆಲವರು ತಪ್ಪಿ `STDEV.P` ಹಾಕುತ್ತಾರೆ, ಆಗ 0.93 ಬರುತ್ತದೆ. ಅದು ಇಡೀ ಸಮುದಾಯವನ್ನೇ ಅಳೆದಾಗ ಬಳಸುವುದು. ನಾವು ಅಳೆದದ್ದು ಮಾದರಿಯನ್ನು. ಆದ್ದರಿಂದ `STDEV.S`.

ಇನ್ನು ಆ "ರ್ಯಾಂಡಮ್" ಪದ. ಯಾದೃಚ್ಛಿಕ ಆಯ್ಕೆ ಎಂದರೆ ನಿಮ್ಮ ಹತ್ತಿರ ಎಲ್ಲರ ಪಟ್ಟಿ ಇತ್ತು, ಪ್ರತಿಯೊಬ್ಬರಿಗೂ ಆಯ್ಕೆಯಾಗುವ ಅವಕಾಶ ಇಷ್ಟು ಎಂದು ಗೊತ್ತಿತ್ತು, ಚೀಟಿ ಎತ್ತಿಯೋ ಯಾದೃಚ್ಛಿಕ ಸಂಖ್ಯೆ ಹಾಕಿಯೋ ಆರಿಸಿದಿರಿ ಎಂದರ್ಥ. ಕ್ಯಾಂಟೀನಿನ ಹತ್ತಿರ ಸಿಕ್ಕವರನ್ನು ಕರೆದರೆ ಅದು ಅನುಕೂಲದ ಮಾದರಿ. ಹಾಗೆಂದು ಬರೆದರೆ ಅಂಕ ಹೋಗುವುದಿಲ್ಲ. ಪ್ರಾಕ್ಟಿಕಲ್‌ಗೆ ಅನುಕೂಲದ ಮಾದರಿ ಸಾಕು. ಸುಳ್ಳು ಹೆಸರು ಕೊಟ್ಟರೆ ಮಾತ್ರ ವೈವಾದಲ್ಲಿ ಕಷ್ಟ.

ಒಟ್ಟು ಸೇರಿಸಿ ಬರೆದರೆ ಈ ಭಾಗ ಹೀಗಿರುತ್ತದೆ:

> "ದಾವಣಗೆರೆಯ ಒಂದು ಪದವಿ ಕಾಲೇಜಿನ 28 ವಿದ್ಯಾರ್ಥಿಗಳನ್ನು ಭಾಗವಹಿಸುವಂತೆ ಕೇಳಲಾಯಿತು. ತರಗತಿಯ ಹೊರಗೆ ಹಚ್ಚಿದ ಚೀಟಿ ಮತ್ತು ಸ್ನೇಹಿತರ ಮೂಲಕ ಅವರನ್ನು ಸಂಪರ್ಕಿಸಲಾಯಿತು (ಅನುಕೂಲದ ಮಾದರಿ). ಒಬ್ಬರು ಒಪ್ಪಲಿಲ್ಲ. ಒಬ್ಬರು 18 ವರ್ಷಕ್ಕಿಂತ ಚಿಕ್ಕವರಾದ್ದರಿಂದ ಮತ್ತು ಒಬ್ಬರು ಅಭ್ಯಾಸದ ಪಟ್ಟಿಯಲ್ಲಿ ಬಣ್ಣಗಳನ್ನು ಬೇರ್ಪಡಿಸಿ ಹೇಳಲಾಗದ್ದರಿಂದ ಸೇರಲಿಲ್ಲ. ಒಬ್ಬರು ಪ್ರಯೋಗದ ನಡುವೆ ಹಿಂದೆ ಸರಿದರು; ಅವರ ಮಾಹಿತಿಯನ್ನು ಬಳಸಿಲ್ಲ. ಉಳಿದ 24 ಜನರ (ಮಹಿಳೆಯರು 15, ಪುರುಷರು 9) ವಯಸ್ಸು 18ರಿಂದ 21 ವರ್ಷ (ಸರಾಸರಿ 19.13, ಮಾನಕ ವಿಚಲನೆ 0.95). ಎಲ್ಲರೂ ಕನ್ನಡ ದಿನಪತ್ರಿಕೆಯ ಭಾಗವೊಂದನ್ನು ತಡವರಿಸದೆ ಓದಿದರು. ಭಾಗವಹಿಸಿದ್ದಕ್ಕೆ ಹಣ ಅಥವಾ ಅಂಕ ಕೊಟ್ಟಿಲ್ಲ."

ಸ್ಟ್ರೂಪ್ ಕೂಡ ತಮ್ಮ ಮೊದಲ ಪ್ರಯೋಗದಲ್ಲಿ 70 ಕಾಲೇಜು ವಿದ್ಯಾರ್ಥಿಗಳು, ಅವರಲ್ಲಿ ಪುರುಷರು 14, ಮಹಿಳೆಯರು 56 ಎಂದು ಬಿಡಿಸಿ ಬರೆದಿದ್ದರು. ಸುಮಾರು ತೊಂಬತ್ತು ವರ್ಷಗಳ ನಂತರ ನಾವು ಆ ಫಲಿತಾಂಶ ಯಾರದ್ದು ಎಂದು ಹೇಳಲು ಆಗುವುದು ಆ ಒಂದು ಸಾಲಿನಿಂದ.

ವಿನ್ಯಾಸ

ವಿನ್ಯಾಸದ ಕೆಳಗೆ ತುಂಬ ಜನ ವಿಧಾನವನ್ನು ಬರೆದುಬಿಡುತ್ತಾರೆ. "ಪಾಲ್ಗೊಂಡವರನ್ನು ಆರಾಮವಾಗಿ ಕೂರಿಸಿ, ಸೂಚನೆ ಕೊಟ್ಟು..." ಎಂದು ಶುರುವಾಗುತ್ತದೆ. ಅದು ಮುಂದಿನ ಭಾಗಕ್ಕೆ ಸೇರಿದ್ದು. ವಿನ್ಯಾಸ ಎಂದರೆ ಪ್ರಯೋಗದ ಎಲುಬು. ಏನನ್ನು ಬದಲಿಸಿದಿರಿ, ಏನನ್ನು ಅಳೆದಿರಿ, ಒಬ್ಬರೇ ಎರಡೂ ಸ್ಥಿತಿಗೆ ಬಂದರೋ ಬೇರೆ ಬೇರೆಯವರೋ, ಬೇರೆ ಕಾರಣಗಳನ್ನು ಹೇಗೆ ತಡೆದಿರಿ. ಇಷ್ಟೇ.

ನೀವು ಬದಲಿಸಿದ್ದು ಸ್ವತಂತ್ರ ಚರ. ಇಲ್ಲಿ ಅದು ಪದಕ್ಕೂ ಶಾಯಿಗೂ ಇರುವ ಸಂಬಂಧ. ಅದಕ್ಕೆ ಎರಡು ಮಟ್ಟ: ತಾಳೆ, ತೊಡಕು. "ಸ್ವತಂತ್ರ ಚರ: ಸ್ಟ್ರೂಪ್ ಪರಿಣಾಮ" ಎಂದು ಬರೆಯುವವರಿದ್ದಾರೆ. ಪರಿಣಾಮ ಇದೆಯೋ ಇಲ್ಲವೋ ಎನ್ನುವುದನ್ನೇ ನಾವು ಹುಡುಕುತ್ತಿರುವುದು. ಅದನ್ನು ನೀವು ಬದಲಿಸಲಿಲ್ಲ. ನೀವು ಬದಲಿಸಿದ್ದು ಕಾರ್ಡನ್ನು.

ಅಳೆದದ್ದು ಅವಲಂಬಿತ ಚರ. "ಪ್ರತಿಕ್ರಿಯೆಯ ವೇಗ" ಎಂದು ಬರೆದರೆ ಸಾಲದು. ಗಡಿಯಾರ ಯಾವಾಗ ಶುರುವಾಯಿತು, ಯಾವಾಗ ನಿಂತಿತು? ತಪ್ಪು ಹೇಳಿದರೆ ಏನು ಮಾಡಿದಿರಿ? ಇದನ್ನು ಬರೆಯದಿದ್ದರೆ ಬೇರೆಯವರು ಅದೇ ಅಳತೆಯನ್ನು ಮತ್ತೆ ಮಾಡಲು ಆಗುವುದಿಲ್ಲ. "ಕಾರ್ಡನ್ನು ತಿರುಗಿಸಿದ ಕ್ಷಣದಿಂದ 36ನೇ ಬಣ್ಣ ಹೇಳಿ ಮುಗಿಸುವವರೆಗಿನ ಸಮಯ, ಸೆಕೆಂಡುಗಳಲ್ಲಿ. ತಪ್ಪಾದರೆ ತಿದ್ದಿ ಹೇಳಿ ಮುಂದುವರಿಯಲು ಸೂಚಿಸಲಾಗಿತ್ತು. ತಿದ್ದಲು ಹಿಡಿದ ಸಮಯವೂ ಇದರಲ್ಲಿ ಸೇರಿದೆ" ಎಂದು ಬರೆಯಿರಿ. ಮೊಬೈಲ್ ಸ್ಟಾಪ್‌ವಾಚ್ ಸೆಕೆಂಡಿನ ನೂರನೇ ಒಂದು ಭಾಗ ತೋರಿಸುತ್ತದೆ. ನಮ್ಮ ಬೆರಳು ಅಷ್ಟು ಚುರುಕಿಲ್ಲ. ಹತ್ತನೇ ಒಂದು ಭಾಗಕ್ಕೆ ನಿಲ್ಲಿಸಿ.

36 ಯಾಕೆ? ನಾಲ್ಕು ಪದಗಳಲ್ಲಿ ಪ್ರತಿಯೊಂದನ್ನೂ ಉಳಿದ ಮೂರು ಬಣ್ಣಗಳಲ್ಲಿ ಅಚ್ಚು ಹಾಕಬಹುದು. ಅಲ್ಲಿಗೆ 12 ಜೋಡಿ. ಪ್ರತಿ ಜೋಡಿ ಮೂರು ಸಲ ಬಂದರೆ 36. ಆಗ ತೊಡಕು ಕಾರ್ಡಿನಲ್ಲಿ ಪ್ರತಿ ಪದ 9 ಸಲ, ಪ್ರತಿ ಬಣ್ಣವೂ 9 ಸಲ ಬರುತ್ತದೆ. ತಾಳೆ ಕಾರ್ಡಿನಲ್ಲೂ ಪ್ರತಿ ಪದ 9 ಸಲ. ನಮ್ಮ ವಿದ್ಯಾರ್ಥಿಗಳು ಲೆಕ್ಕಕ್ಕೆ ಚೆನ್ನಾಗಿದೆ ಎಂದು 40 ಪದ ಹಾಕುತ್ತಾರೆ. 40ನ್ನು 12 ಜೋಡಿಗೆ ಸಮನಾಗಿ ಹಂಚಲು ಬರುವುದಿಲ್ಲ. ಕೆಲವು ಜೋಡಿ ಜಾಸ್ತಿ ಬರುತ್ತವೆ. "ಹಸಿರು" ಎನ್ನಲು ಮೂರು ಅಕ್ಷರ, "ನೀಲಿ" ಎನ್ನಲು ಎರಡೇ. ಒಂದು ಕಾರ್ಡಿನಲ್ಲಿ ಹಸಿರು ಶಾಯಿ ಜಾಸ್ತಿ ಬಂದರೆ ಆ ಕಾರ್ಡ್ ಅಷ್ಟಕ್ಕೇ ನಿಧಾನವಾಗಬಹುದು. ಸಮನಾಗಿ ಹಂಚಿದರೆ ಆ ವ್ಯತ್ಯಾಸ ಎರಡೂ ಕಡೆ ಒಂದೇ ಆಗಿ ಲೆಕ್ಕದಿಂದ ಹೊರಗೆ ಹೋಗುತ್ತದೆ.

ಈಗ ಮುಖ್ಯವಾದ ತೀರ್ಮಾನ. ಒಬ್ಬರೇ ಎರಡೂ ಕಾರ್ಡ್ ಓದುತ್ತಾರೆಯೇ? ಹೌದು. ಕೆಲವರು ಹುಟ್ಟಾ ಚುರುಕಾಗಿ ಮಾತಾಡುತ್ತಾರೆ, ಕೆಲವರು ನಿಧಾನ. 12 ಜನರಿಗೆ ಒಂದು, ಬೇರೆ 12 ಜನರಿಗೆ ಇನ್ನೊಂದು ಕೊಟ್ಟರೆ, ಚುರುಕಿನವರೆಲ್ಲ ಒಂದೇ ಕಡೆ ಬಿದ್ದಿರಬಹುದು. ಒಬ್ಬರನ್ನು ಅವರ ಜೊತೆಗೇ ಹೋಲಿಸಿದರೆ ಆ ತೊಂದರೆ ಇಲ್ಲ. ಇದಕ್ಕೆ ಪುನರಾವರ್ತಿತ ಅಳತೆಯ ವಿನ್ಯಾಸ ಎನ್ನುತ್ತಾರೆ. ಇದು ಎಲ್ಲ ಪ್ರಯೋಗಕ್ಕೂ ಹೊಂದುವುದಿಲ್ಲ. ಕಥೆಗೆ ಶೀರ್ಷಿಕೆ ಕೊಟ್ಟರೆ ನೆನಪು ಹೆಚ್ಚುತ್ತದೆಯೇ ಎಂದು ನೋಡುವಾಗ ಒಂದೇ ಕಥೆಯನ್ನು ಒಬ್ಬರಿಗೆ ಎರಡು ಸಲ ಕೊಡಲು ಆಗುವುದಿಲ್ಲ. ಅಲ್ಲಿ ಬೇರೆ ಬೇರೆ ಗುಂಪು ಬೇಕು.

ಒಬ್ಬರೇ ಎರಡು ಸಲ ಮಾಡುವುದರಿಂದ ಹೊಸ ತೊಂದರೆ ಬರುತ್ತದೆ, ಅದೇ ಸರದಿ. ಎಲ್ಲರಿಗೂ ತಾಳೆ ಕಾರ್ಡ್ ಮೊದಲು, ತೊಡಕು ಕಾರ್ಡ್ ಆಮೇಲೆ ಕೊಟ್ಟಿರಿ ಎನ್ನಿ. ಎರಡನೆಯದು ನಿಧಾನವಾಯಿತು. ತೊಡಕಿನಿಂದಲೋ, ಬಾಯಿ ದಣಿದದ್ದಕ್ಕೋ? ಹೇಳಲು ಆಗುವುದಿಲ್ಲ. ಅಥವಾ ಮೊದಲ ಕಾರ್ಡಿನಲ್ಲಿ ಅಭ್ಯಾಸವಾಗಿ ಎರಡನೆಯದು ಇರಬೇಕಾದ್ದಕ್ಕಿಂತ ಬೇಗ ಮುಗಿದಿರಲೂಬಹುದು. ಪರಿಹಾರವೆಂದರೆ ಅರ್ಧ ಜನರಿಗೆ ಸರದಿ ಅದಲು ಬದಲು ಮಾಡುವುದು. ಇದೇ ಕೌಂಟರ್‌ಬ್ಯಾಲೆನ್ಸಿಂಗ್.

ಮಾಡುವ ಕ್ರಮ ಸುಲಭ. 24 ಚೀಟಿ ಮಾಡಿ. 12ರ ಮೇಲೆ "ಅ" ಎಂದು ಬರೆಯಿರಿ: ತಾಳೆ ಮೊದಲು. 12ರ ಮೇಲೆ "ಬ": ತೊಡಕು ಮೊದಲು. ಮಡಿಚಿ ಒಂದು ಡಬ್ಬಿಗೆ ಹಾಕಿ. ಬಂದವರು ಒಂದು ಎತ್ತುತ್ತಾರೆ. ಎತ್ತಿದ ಚೀಟಿ ಮತ್ತೆ ಡಬ್ಬಿಗೆ ಹೋಗುವುದಿಲ್ಲ. ಅರ್ಧಕ್ಕೆ ಎದ್ದು ಹೋದವರ ಚೀಟಿಯನ್ನು ಮಾತ್ರ ವಾಪಸ್ ಹಾಕಿ, ಇಲ್ಲದಿದ್ದರೆ ಕೊನೆಗೆ 12 ಮತ್ತು 12 ಆಗುವುದಿಲ್ಲ. "ಮೊದಲು ಬಂದ 12 ಜನರಿಗೆ ಅ, ಆಮೇಲೆ ಬಂದವರಿಗೆ ಬ" ಮಾಡಬೇಡಿ. ಬೆಳಿಗ್ಗೆ ಬಂದವರು ತಾಜಾ ಇರುತ್ತಾರೆ. ಮಧ್ಯಾಹ್ನ ಬಂದವರು ಊಟ ಮಾಡಿ, ಜಗಳೂರಿನ ಬಸ್ಸು ತಪ್ಪುತ್ತದೆ ಎನ್ನುವ ಅವಸರದಲ್ಲಿರುತ್ತಾರೆ.

ಚೀಟಿ ಎತ್ತಿದ್ದರಿಂದ ಈಗ ನಿಮ್ಮ ರೆಕಾರ್ಡಿನಲ್ಲಿ "ಯಾದೃಚ್ಛಿಕ" ಎನ್ನುವ ಪದಕ್ಕೆ ಜಾಗ ಸಿಕ್ಕಿತು. ಜನರನ್ನು ಆರಿಸಿದ್ದು ಯಾದೃಚ್ಛಿಕವಲ್ಲ, ಆದರೆ ಅವರಿಗೆ ಸರದಿ ಹಂಚಿದ್ದು ಯಾದೃಚ್ಛಿಕ. ವೈವಾದಲ್ಲಿ ಇದನ್ನು ಬಿಡಿಸಿ ಹೇಳಿದರೆ ನಿಮಗೆ ವಿಷಯ ಗೊತ್ತಿದೆ ಎಂದು ಪರೀಕ್ಷಕರಿಗೆ ತಿಳಿಯುತ್ತದೆ.

ಈ ಉಪಾಯಕ್ಕೂ ಒಂದು ಮಿತಿ ಇದೆ. ಸರದಿ ಬದಲಿಸಿದರೆ ಅಭ್ಯಾಸ, ದಣಿವು ಹೋಗುವುದಿಲ್ಲ. ಎರಡೂ ಕಾರ್ಡಿಗೆ ಹಂಚಿಹೋಗುತ್ತವೆ, ಅಷ್ಟೆ. ಸಮನಾಗಿ ಹಂಚಿಹೋಗಿದೆಯೇ ಎಂದು ನೋಡಲು ಎರಡು ಗುಂಪಿನ ವ್ಯತ್ಯಾಸವನ್ನು ಬೇರೆ ಬೇರೆ ತೆಗೆಯಿರಿ. ಅ ಗುಂಪಿನಲ್ಲಿ ತೊಡಕು ಕಾರ್ಡಿಗೆ ಸರಾಸರಿ 9 ಸೆಕೆಂಡು ಜಾಸ್ತಿ, ಬ ಗುಂಪಿನಲ್ಲಿ 10 ಸೆಕೆಂಡು ಜಾಸ್ತಿ ಬಂದರೆ ಚಿಂತೆ ಇಲ್ಲ. ಒಂದರಲ್ಲಿ 4, ಇನ್ನೊಂದರಲ್ಲಿ 14 ಬಂದರೆ ಸರದಿಯೇ ಏನೋ ಮಾಡಿರಬಹುದು. ತೊಡಕು ಕಾರ್ಡ್ ಮೊದಲು ಸಿಕ್ಕವರಿಗೆ ಕೆಲಸವೇ ಹೊಸದು, ಅದರ ಮೇಲೆ ತೊಡಕು ಬೇರೆ. ಆಗ ಅದನ್ನು ಮುಚ್ಚಿಡದೆ ಚರ್ಚೆಯ ಭಾಗದಲ್ಲಿ ಬರೆಯಿರಿ.

ವಿನ್ಯಾಸದ ಭಾಗ ಹೀಗೆ ನಿಲ್ಲುತ್ತದೆ:

> "ಪುನರಾವರ್ತಿತ ಅಳತೆಯ ವಿನ್ಯಾಸವನ್ನು ಬಳಸಲಾಯಿತು. ಸ್ವತಂತ್ರ ಚರವು ಪದ ಮತ್ತು ಶಾಯಿಯ ಬಣ್ಣದ ಸಂಬಂಧ. ಅದರ ಮಟ್ಟಗಳು ಎರಡು: ತಾಳೆ ಮತ್ತು ತೊಡಕು. ಅವಲಂಬಿತ ಚರವು 36 ಪದಗಳ ಶಾಯಿಯ ಬಣ್ಣ ಹೇಳಿ ಮುಗಿಸಲು ತೆಗೆದುಕೊಂಡ ಸಮಯ (ಸೆಕೆಂಡುಗಳಲ್ಲಿ). ಸರದಿಯ ಪರಿಣಾಮವನ್ನು ಸಮನಾಗಿ ಹಂಚಲು 12 ಜನರಿಗೆ ತಾಳೆ ಕಾರ್ಡನ್ನು, 12 ಜನರಿಗೆ ತೊಡಕು ಕಾರ್ಡನ್ನು ಮೊದಲು ಕೊಡಲಾಯಿತು. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಲಾಯಿತು. ಎರಡೂ ಕಾರ್ಡುಗಳಲ್ಲಿ ಪದಗಳು, ಅವುಗಳ ಸಂಖ್ಯೆ, ಅಕ್ಷರದ ಗಾತ್ರ ಮತ್ತು ಕಾಗದ ಒಂದೇ ಆಗಿದ್ದವು."

ನೈತಿಕತೆ

ಇಲ್ಲಿ ಪ್ರತಿಜ್ಞೆ ಬರೆಯಬೇಡಿ. ಏನು ಮಾಡಿದಿರೋ ಅದನ್ನು ಬರೆಯಿರಿ. ಬಣ್ಣ ಹೇಳಿಸುವುದರಲ್ಲಿ ಏನು ನೈತಿಕತೆ ಎಂದು ಕೇಳುವವರಿದ್ದಾರೆ. ನಾನು ಇಷ್ಟು ವರ್ಷ ನೋಡಿದಂತೆ, ಸಣ್ಣ ಪ್ರಯೋಗಗಳಲ್ಲೇ ಜನರಿಗೆ ಬೇಸರವಾಗುವಂತೆ ನಡೆದುಕೊಳ್ಳುವುದು ಜಾಸ್ತಿ. ದೊಡ್ಡದಕ್ಕೆ ಸಮಿತಿ ಇರುತ್ತದೆ. ಸಣ್ಣದಕ್ಕೆ ನಾವೇ.

ಮೊದಲು ಒಪ್ಪಿಗೆ. ಸಹಿ ಹಾಕಿಸಿಕೊಂಡರೆ ಒಪ್ಪಿಗೆ ಆಗುವುದಿಲ್ಲ. ಏನು ಮಾಡಬೇಕು, ಎಷ್ಟು ಹೊತ್ತು, ಮಾಹಿತಿ ಎಲ್ಲಿ ಹೋಗುತ್ತದೆ, ಯಾವಾಗ ಬೇಕಾದರೂ ಬಿಡಬಹುದು ಎನ್ನುವುದು ಸಹಿಗೆ ಮೊದಲು ಅರ್ಥವಾಗಿರಬೇಕು. ಅವರು ಓದುವ ಕನ್ನಡದಲ್ಲೇ ಬರೆಯಿರಿ. ನಾನು ವಿದ್ಯಾರ್ಥಿಗಳಿಗೆ ಕೊಡುವ ಪಠ್ಯ ಇದು:

> "ಇದು ನನ್ನ ಪದವಿಯ ಪ್ರಾಕ್ಟಿಕಲ್ ಕೆಲಸ. ಎರಡು ಕಾರ್ಡುಗಳ ಮೇಲಿನ ಶಾಯಿಯ ಬಣ್ಣಗಳನ್ನು ನೀವು ಜೋರಾಗಿ ಹೇಳಬೇಕು. ಸುಮಾರು 10 ನಿಮಿಷ ಬೇಕು. ನಾನು ಸಮಯ ಅಳೆಯುತ್ತೇನೆ. ಇದು ಬುದ್ಧಿಯ ಪರೀಕ್ಷೆಯಲ್ಲ. ನಿಮ್ಮ ಹೆಸರು ರೆಕಾರ್ಡಿನಲ್ಲಿ ಬರುವುದಿಲ್ಲ. ಬೇಡ ಅನ್ನಿಸಿದರೆ ಕಾರಣ ಹೇಳದೆ ಎದ್ದು ಹೋಗಬಹುದು. ಆಮೇಲೂ ಒಂದು ವಾರದೊಳಗೆ ನಿಮ್ಮ ಮಾಹಿತಿ ತೆಗೆದುಹಾಕಿ ಎಂದು ಕೇಳಬಹುದು."

"ಇದು ಬುದ್ಧಿಯ ಪರೀಕ್ಷೆಯಲ್ಲ" ಎನ್ನುವ ಸಾಲನ್ನು ಬಿಡಬೇಡಿ. ತೊಡಕು ಕಾರ್ಡಿನಲ್ಲಿ ಎಲ್ಲರೂ ತಡವರಿಸುತ್ತಾರೆ. ಹಳ್ಳಿಯಿಂದ ಬಂದು ಹೊಸದಾಗಿ ಕಾಲೇಜು ಸೇರಿದ ಹುಡುಗಿಗೆ ಅದು ತನ್ನ ದಡ್ಡತನ ಅನ್ನಿಸಬಹುದು. ಮುಗಿದ ಮೇಲೆ ಎಲ್ಲರಿಗೂ ಹೀಗೇ ಆಗುತ್ತದೆ, ಚೆನ್ನಾಗಿ ಓದುವುದೇ ಇದಕ್ಕೆ ಕಾರಣ ಎಂದು ಕೂತು ವಿವರಿಸಿ. ಊಹೆಯನ್ನು ಮೊದಲೇ ಹೇಳಿದರೆ ಫಲಿತಾಂಶ ವಾಲಬಹುದು ಎಂದು ನೀವು ಅದನ್ನು ಹೇಳಿರುವುದಿಲ್ಲ. ಕೊನೆಗೆ ಹೇಳಲೇಬೇಕು. ರೆಕಾರ್ಡಿನಲ್ಲಿ ಎರಡನ್ನೂ ಬರೆಯಿರಿ: ಮೊದಲು ಹೇಳಲಿಲ್ಲ, ಮುಗಿದ ಮೇಲೆ ಹೇಳಿದೆವು.

ಒತ್ತಾಯ ಎಲ್ಲಿಂದ ಬರುತ್ತದೆ ನೋಡಿ. ಅಂತಿಮ ವರ್ಷದ ಅಕ್ಕ ಬಂದು "ಬಾರೇ, ಐದು ನಿಮಿಷ" ಎಂದರೆ ಮೊದಲ ವರ್ಷದ ಹುಡುಗಿ ಇಲ್ಲ ಅನ್ನುವುದು ಹೇಗೆ? ಮೇಡಮ್ ತರಗತಿಯಲ್ಲೇ ನಿಂತು "ಯಾರು ಬರುತ್ತೀರಿ, ಕೈ ಎತ್ತಿ" ಎಂದರೂ ಅಷ್ಟೇ. ಅದಕ್ಕೇ ಚೀಟಿ ಹಚ್ಚಿ, ಬೇಕಾದವರು ಬರಲಿ ಎಂದು ಬಿಡುವುದು. ನಮ್ಮ ಉದಾಹರಣೆಯಲ್ಲಿ ಒಬ್ಬರು ಬೇಡ ಎಂದರು, ಒಬ್ಬರು ಅರ್ಧಕ್ಕೆ ಎದ್ದರು. ಬೇಡ ಎನ್ನುವುದಕ್ಕೆ ನಿಜವಾಗಿ ಅವಕಾಶವಿತ್ತು ಎಂದು ಆ ಎರಡು ಸಾಲು ತೋರಿಸುತ್ತವೆ. ಎದ್ದವರನ್ನು ಯಾಕೆ ಎಂದು ಕೇಳಬೇಡಿ.

17 ವರ್ಷದವರ ಮಾತಿಗೆ ಬರೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿಯ ಪ್ರಕಾರ 18 ತುಂಬದವರಿಗೆ ತಂದೆ ತಾಯಿ ಅಥವಾ ಪೋಷಕರ ಒಪ್ಪಿಗೆ ಬೇಕು, ಜೊತೆಗೆ ಆ ಮಗುವಿನ ಸಮ್ಮತಿಯೂ ಬೇಕು. ಆ ಮಾರ್ಗಸೂಚಿ ವೈದ್ಯಕೀಯ ಮತ್ತು ಆರೋಗ್ಯ ಸಂಶೋಧನೆಗೆ ಬರೆದದ್ದು. ಆದರೂ ನಮ್ಮ ಪ್ರಾಕ್ಟಿಕಲ್‌ಗೆ ಅದೇ ಅಳತೆ ಇಟ್ಟುಕೊಳ್ಳುವುದು ಕ್ಷೇಮ. ಅಪ್ಪ ಅಮ್ಮ ಹೊನ್ನಾಳಿಯ ಹಳ್ಳಿಯಲ್ಲಿದ್ದು ಮಗಳು ಇಲ್ಲಿ ಹಾಸ್ಟೆಲ್ಲಿನಲ್ಲಿದ್ದರೆ, ವಾರ್ಡನ್ ಸಹಿ ಪೋಷಕರ ಸಹಿ ಎಂದು ತೆಗೆದುಕೊಳ್ಳಬೇಡಿ. 18 ತುಂಬಿದವರು ಸಾಕಷ್ಟು ಸಿಗುತ್ತಾರೆ. ಅವರನ್ನೇ ಸೇರಿಸಿ.

ಬಣ್ಣ ಬೇರ್ಪಡಿಸಿ ಹೇಳಲಾಗದವರ ವಿಷಯ ಇನ್ನೂ ಸೂಕ್ಷ್ಮ. ಎಷ್ಟೋ ಹುಡುಗರಿಗೆ ತಮಗೆ ಹೀಗಿದೆ ಎಂದು ಗೊತ್ತೇ ಇರುವುದಿಲ್ಲ. ನಿಮ್ಮ ಎಂಟು ಚೌಕದ ಪಟ್ಟಿಯಿಂದ ಅದು ಹೊರಬರುತ್ತದೆ. ರೈಲ್ವೆ, ಪೊಲೀಸ್ ಕೆಲಸದ ಕನಸು ಇರುವವನಿಗೆ ಇದು ಸಣ್ಣ ಸುದ್ದಿಯಲ್ಲ, ಅಲ್ಲಿ ಬಣ್ಣದ ದೃಷ್ಟಿ ಪರೀಕ್ಷಿಸುತ್ತಾರೆ. ಆದ್ದರಿಂದ ಒಬ್ಬೊಬ್ಬರನ್ನೇ ಒಳಗೆ ಕರೆಯಿರಿ, ಸ್ನೇಹಿತರನ್ನು ಬಾಗಿಲ ಹತ್ತಿರ ನಿಲ್ಲಿಸಬೇಡಿ. "ನಿನಗೆ ಬಣ್ಣಗುರುಡು" ಎಂದು ಹೇಳುವ ಅರ್ಹತೆ ನಮಗಿಲ್ಲ. "ಈ ಪಟ್ಟಿಯಲ್ಲಿ ಎರಡು ಬಣ್ಣ ಅದಲು ಬದಲಾದವು. ಬೆಳಕಿನಿಂದಲೂ ಆಗಿರಬಹುದು. ಬೇಕಿದ್ದರೆ ಕಣ್ಣಿನ ಡಾಕ್ಟರ ಹತ್ತಿರ ಒಮ್ಮೆ ತೋರಿಸಿ" ಎಂದು ಅವರಿಗೆ ಮಾತ್ರ ಕೇಳುವಂತೆ ಹೇಳಿ. ಅವರನ್ನು ಕೈಬಿಟ್ಟ ಕಾರಣವನ್ನು ಲ್ಯಾಬಿನಲ್ಲಿ ಯಾರಿಗೂ ಹೇಳಬೇಡಿ.

ಕೊನೆಯದು ಗುಟ್ಟು ಕಾಯುವುದು. ಹೆಸರಿನ ಬದಲು ಇನಿಶಿಯಲ್ ಬರೆದರೆ ಸಾಕು ಎಂದುಕೊಳ್ಳುತ್ತಾರೆ. ನಲವತ್ತು ಜನರ ತರಗತಿಯಲ್ಲಿ ಇನಿಶಿಯಲ್ ನೋಡಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಪಾ-1, ಪಾ-2 ಎಂದು ಸಂಖ್ಯೆ ಕೊಡಿ, ಆ ಸಂಖ್ಯೆ ಹಾಜರಿ ಪುಸ್ತಕದ ಕ್ರಮದಲ್ಲಿ ಇರದಿರಲಿ. ವಿವರ ಸೇರಿದರೂ ಗುಟ್ಟು ಬಯಲಾಗುತ್ತದೆ. "21 ವರ್ಷದ, ಚನ್ನಗಿರಿಯಿಂದ ಬರುವ, ಉರ್ದು ಮಾತೃಭಾಷೆಯ ವಿದ್ಯಾರ್ಥಿನಿ" ಎಂದು ಒಂದೇ ಸಾಲಿನಲ್ಲಿ ಬರೆದರೆ ಹೆಸರು ಬರೆದಂತೆಯೇ. ಹಾಗಾಗಿ ವಯಸ್ಸು, ಲಿಂಗವನ್ನು ಒಟ್ಟು ಲೆಕ್ಕದಲ್ಲಿ ಮಾತ್ರ ಕೊಡಿ. ಪ್ರಯೋಗ ನಡೆಯುವಾಗ ಫೋಟೋ ತೆಗೆದು ತರಗತಿಯ ವಾಟ್ಸಾಪ್ ಗುಂಪಿಗೆ ಹಾಕುವುದೂ ಬೇಡ.

> "ವಿಭಾಗದ ಅನುಮತಿ ಪಡೆದು ಪ್ರಯೋಗ ನಡೆಸಲಾಯಿತು. ಭಾಗವಹಿಸಿದ ಎಲ್ಲರೂ 18 ವರ್ಷ ತುಂಬಿದವರು. ಕನ್ನಡದಲ್ಲಿ ಬರೆದ ವಿವರಣೆಯನ್ನು ಓದಿ ಸಹಿ ಮಾಡಿದರು. ಯಾವಾಗ ಬೇಕಾದರೂ ಬಿಡಬಹುದು ಎಂದು ತಿಳಿಸಲಾಗಿತ್ತು. ಒಬ್ಬರು ಹಾಗೆ ಹಿಂದೆ ಸರಿದರು. ಊಹೆಯನ್ನು ಪ್ರಯೋಗದ ಮೊದಲು ಹೇಳಿರಲಿಲ್ಲ. ಮುಗಿದ ಕೂಡಲೇ ಪ್ರತಿಯೊಬ್ಬರಿಗೂ ವಿವರಿಸಲಾಯಿತು. ಪ್ರತಿಯೊಬ್ಬರನ್ನೂ ಪ್ರತ್ಯೇಕವಾಗಿ ಪರೀಕ್ಷಿಸಲಾಯಿತು. ಮಾಹಿತಿಯನ್ನು ಸಂಕೇತ ಸಂಖ್ಯೆಯಲ್ಲಿ ಮಾತ್ರ ದಾಖಲಿಸಲಾಗಿದೆ."

ಕೊನೆಯ ವಾಕ್ಯಕ್ಕೆ ಒಂದು ಕೆಲಸ ಬಾಕಿ ಇರುತ್ತದೆ. ಯಾವ ಸಂಖ್ಯೆ ಯಾರದ್ದು ಎಂದು ಬರೆದ ಹಾಳೆ ನಿಮ್ಮ ಹತ್ತಿರ ಇದ್ದೇ ಇರುತ್ತದೆ. ಯಾರಾದರೂ ತಮ್ಮ ಮಾಹಿತಿ ತೆಗೆಯಿರಿ ಎಂದರೆ ಹುಡುಕಲು ಅದು ಬೇಕು. ಸಹಿ ಮಾಡಿದ ಹಾಳೆಗಳ ಜೊತೆ ಅದನ್ನು ಇಡಬೇಡಿ, ರೆಕಾರ್ಡಿನೊಳಗೂ ಸಿಕ್ಕಿಸಬೇಡಿ. ಬೇರೆ ಕವರಿನಲ್ಲಿ ಹಾಕಿ ಬೀಗವಿರುವ ಕಡೆ ಇಡಿ. ನೀವು ಕೊಟ್ಟ ಒಂದು ವಾರ ಮುಗಿದ ದಿನ ಅದನ್ನು ಹರಿದು ಹಾಕಿ, ಹರಿದ ತಾರೀಖನ್ನು ಆ ವಾಕ್ಯದ ಕೆಳಗೆ ಬರೆಯಿರಿ.